ಮರಣಪೂರ್ವ ಶೋಕ

ಸಾವು ಎದುರಾಗಬಹುದಾದ ಆಪ್ತರು, ಉದಾಹರಣೆಗೆ ಗುಣವಾಗದ ಕಾಯಿಲೆಯಿಂದ ಹಾಸಿಗೆ ಹಿಡಿದ ತಂದೆ ಅಥವಾ ತಾಯಿ, ಬದುಕಿರುವಾಗಲೇ ಮನೆಯವರನ್ನು ಆವರಿಸುವ ಅಗಲಿಕೆಯ ದುಃಖ. ಅಮೆರಿಕದ ಮನೋವೈದ್ಯ ಎರಿಕ್ ಲಿಂಡೆಮನ್ 1944ರಲ್ಲಿ ಇದನ್ನು ವಿವರಿಸಿದ್ದು ಯುದ್ಧಕ್ಕೆ ಹೋದವರ ಮನೆಯವರನ್ನು ಕಂಡು. ಅಥಣಿ ತಾಲ್ಲೂಕಿನ ಸತ್ತಿಯಂಥ ಊರಿನಲ್ಲಿ, ‘ಇನ್ನು ಮನೆಗೆ ಕರೆದುಕೊಂಡು ಹೋಗಿರಿ’ ಎಂದು ವೈದ್ಯರು ಹೇಳಿದ ದಿನವೇ ಇದು ಶುರುವಾಗಬಹುದು. ಮುಂದಿನ ಆರೈಕೆ ಹೆಚ್ಚಾಗಿ ಸೊಸೆ, ಮಗಳ ಪಾಲಿಗೆ ಬರುತ್ತದೆ: ಬೆನ್ನು ಹುಣ್ಣಾಗದಂತೆ ರಾತ್ರಿಯೂ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಗಂಜಿ ಕುಡಿಸಬೇಕು. ನಿದ್ದೆಗೆಟ್ಟವರಿಗೆ ‘ಬೇಗ ಮುಗಿಯಬಾರದೇ’ ಎನಿಸುತ್ತದೆ. ಹಿಂದೆಯೇ ಪಾಪಪ್ರಜ್ಞೆ ಕಾಡುತ್ತದೆ. ಆ ಬಯಕೆ ಸಾಮಾನ್ಯವಾಗಿ ನರಳಾಟ ನಿಲ್ಲಲೆಂಬುದೇ ಹೊರತು ಹೆತ್ತವರು ಸಾಯಲೆಂಬುದಲ್ಲ. ಸಾವಿನ ಬಳಿಕ ನಿರಾಳವೂ ಅಳುವೂ ಒಟ್ಟಿಗೇ ಇರಬಹುದು. ಮೊದಲೇ ಅತ್ತವರಿಗೆ ಆಮೇಲಿನ ಶೋಕ ಕಡಿಮೆಯಾಗುತ್ತದೆ ಎನ್ನಲಾಗದು. ಆರೈಕೆಯ ಸರದಿ ಹಂಚಿಕೊಂಡರೆ ದಣಿವು ಇಳಿಯುತ್ತದೆ. ವಿಶ್ರಾಂತಿಯ ನಂತರವೂ ವಾರಗಟ್ಟಲೆ ಹತಾಶೆ ಉಳಿದರೆ ಅಥವಾ ತಾನೇ ಸಾಯಬೇಕೆನಿಸಿದರೆ ಅದು ಖಿನ್ನತೆಯಿರಬಹುದು, ತಡಮಾಡದೆ ವೈದ್ಯರಿಗೆ ತೋರಿಸಬೇಕು.