ಹಳೆಯ ಸ್ಲೈಡ್ ಸ್ಕ್ಯಾನ್ ಮಾಡಿದಾಗ ಕಾಣುವ ಬಣ್ಣದ ಬಳೆಗಳು ಫಂಗಸ್ಸೇ?

ಎಪ್ಪತ್ತು, ಎಂಬತ್ತರ ದಶಕದ ಸ್ಲೈಡುಗಳನ್ನು ಸ್ಕ್ಯಾನ್ ಮಾಡಿ ಮನೆಯ ವಾಟ್ಸ್ಆಪ್ ಗುಂಪಿಗೆ ಹಾಕುವವರು ಈಗ ಹೆಚ್ಚಾಗಿದ್ದಾರೆ. ಅವುಗಳಲ್ಲಿ ಕೆಲವು ಚಿತ್ರಗಳ ಮೇಲೆ, ಮುಖ್ಯವಾಗಿ ಆಕಾಶ ಅಥವಾ ಬಿಳಿ ಗೋಡೆ ಇರುವ ಜಾಗದಲ್ಲಿ, ನೀರಿನ ಮೇಲೆ ಎಣ್ಣೆ ಬಿದ್ದಂತೆ ಬಣ್ಣಬಣ್ಣದ ಬಳೆಗಳು ಕಾಣುತ್ತವೆ. ನೋಡಿದವರು ಕೂಡಲೇ ಹೇಳುವುದು ಎರಡೇ ಮಾತು. ಒಂದು, "ಫಿಲ್ಮಿಗೆ ಫಂಗಸ್ ಹಿಡಿದಿದೆ." ಇನ್ನೊಂದು, "ಸ್ಪಿರಿಟ್ ಹಚ್ಚಿ ಒರೆಸಿ, ಹೋಗುತ್ತದೆ."

ಮೊದಲ ಮಾತು ಸಾಮಾನ್ಯವಾಗಿ ತಪ್ಪು. ಎರಡನೆಯದು ಅಪಾಯಕಾರಿ. ಬಳೆಗಳು ಫಿಲ್ಮಿನ ಮೇಲೆ ಇರುವುದೇ ಇಲ್ಲ, ಹಾಗಾಗಿ ಎಷ್ಟು ಒರೆಸಿದರೂ ಹೋಗುವುದಿಲ್ಲ. ಒರೆಸುವ ಕೈ ಮಾತ್ರ ಫಿಲ್ಮಿನ ಮೇಲೆ ಗೀರು ಉಳಿಸುತ್ತದೆ.

ಹಾಗಾದರೆ ಅದು ಏನು?

ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದವರು ಇದನ್ನು ಪ್ರಯೋಗಾಲಯದಲ್ಲಿ ನೋಡಿರುತ್ತಾರೆ. ಹಳದಿ ಸೋಡಿಯಂ ದೀಪದ ಕೆಳಗೆ, ಗಾಜಿನ ಪಟ್ಟಿಯ ಮೇಲೆ ಉಬ್ಬಿದ ಮಸೂರ ಇಟ್ಟಾಗ ಕಾಣುವ ನ್ಯೂಟನ್ನನ ಉಂಗುರಗಳು ಇವೇ. ನ್ಯೂಟನ್ 1704ರ ತಮ್ಮ 'ಆಪ್ಟಿಕ್ಸ್' ಪುಸ್ತಕದಲ್ಲಿ ಇವನ್ನು ಅಳೆದು ವಿವರಿಸಿದ್ದಾರೆ. ಅವರಿಗಿಂತ ಮೊದಲೇ, 1665ರಲ್ಲಿ, ರಾಬರ್ಟ್ ಹುಕ್ ತೆಳು ಪದರಗಳಲ್ಲಿ ಹುಟ್ಟುವ ಇಂಥ ಬಣ್ಣಗಳ ಬಗ್ಗೆ ಬರೆದಿದ್ದರು.

ಎರಡು ನುಣುಪಾದ ಮೈಗಳು ಬಹಳ ಹತ್ತಿರ ಬಂದಾಗ ನಡುವೆ ಗಾಳಿಯ ತೆಳು ಪದರ ಉಳಿಯುತ್ತದೆ. ಬೆಳಕಿನ ಒಂದು ಭಾಗ ನೇರವಾಗಿ ದಾಟುತ್ತದೆ. ಇನ್ನೊಂದು ಸಣ್ಣ ಭಾಗ ಆ ಪದರದೊಳಗೇ ಒಮ್ಮೆ ಹಿಂದಕ್ಕೆ ಮುಂದಕ್ಕೆ ಪುಟಿದು ತಡವಾಗಿ ಬಂದು ಸೇರುತ್ತದೆ. ಎರಡೂ ಅಲೆಗಳು ಹೊಂದಿಕೊಂಡ ಕಡೆ ಬೆಳಕು ಹೆಚ್ಚು, ಹೊಂದದ ಕಡೆ ಕಡಿಮೆ. ಹಸಿರು ಬೆಳಕನ್ನು ತೆಗೆದುಕೊಂಡರೆ, ಒಂದು ಕಪ್ಪು ಬಳೆಯಿಂದ ಮುಂದಿನದಕ್ಕೆ ಹೋಗುವಷ್ಟರಲ್ಲಿ ಗಾಳಿಯ ಪದರದ ದಪ್ಪ ಬದಲಾಗುವುದು ಸುಮಾರು 0.000275 ಮಿಲಿಮೀಟರ್ ಮಾತ್ರ. ಕೆಂಪು ಮತ್ತು ನೀಲಿಗೆ ಈ ಅಳತೆ ಬೇರೆ ಬೇರೆ, ಅದಕ್ಕೇ ಬಳೆಗಳು ಬಣ್ಣಬಣ್ಣ. ಪದರ ಕೆಲವು ಮೈಕ್ರಾನ್ ದಾಟಿ ದಪ್ಪವಾಯಿತೆಂದರೆ ಎಲ್ಲ ಬಣ್ಣದ ಬಳೆಗಳೂ ಒಂದರ ಮೇಲೊಂದು ಬಿದ್ದು ಬೆರೆತು ಕಣ್ಣಿಗೆ ಕಾಣದಂತಾಗುತ್ತವೆ. ಒಂದು ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅಂದರೆ ಕೂದಲಿನಷ್ಟು ಅಂತರವೂ ಬೇಡ, ಅದರ ಹತ್ತರಲ್ಲೊಂದು ಪಾಲು ಸಿಕ್ಕರೂ ಬಹುತೇಕ ಕೆಲಸ ಮುಗಿಯಿತು. ಕೆಂಪು, ಹಸಿರು, ನೀಲಿ ಎಲ್‌ಇಡಿಗಳಿಂದ ಬೆಳಗುವ ಫಿಲ್ಮ್ ಸ್ಕ್ಯಾನರುಗಳಲ್ಲಿ ಮಾತ್ರ ಸ್ವಲ್ಪ ಹೆಚ್ಚು ಅಂತರ ಬೇಕು. ಅವುಗಳ ಒಂದೊಂದು ಬಣ್ಣವೂ ಶುದ್ಧವಾಗಿರುವುದರಿಂದ ಬಳೆಗಳು ಬೇಗ ಬೆರೆಯುವುದಿಲ್ಲ.

ಚೌಕಟ್ಟಿನಲ್ಲಿರುವ ಸ್ಲೈಡಿಗೆ ಬಳೆ ಬರುವುದು ಎಲ್ಲಿಂದ?

ಇಲ್ಲಿಯೇ ಹೆಚ್ಚಿನವರು ಎಡವುವುದು. ರಟ್ಟಿನ ಅಥವಾ ತೆರೆದ ಪ್ಲಾಸ್ಟಿಕ್ ಚೌಕಟ್ಟಿನ ಸ್ಲೈಡನ್ನು ಫ್ಲಾಟ್‌ಬೆಡ್ ಗಾಜಿನ ಮೇಲೆ ಇಟ್ಟರೆ, ಚೌಕಟ್ಟಿನ ದಪ್ಪವೇ ಫಿಲ್ಮನ್ನು ಗಾಜಿನಿಂದ ಎತ್ತಿ ಹಿಡಿಯುತ್ತದೆ. ಮೇಲಿನ ಲೆಕ್ಕದಲ್ಲಿ ಅದು ಬಹಳ ದೊಡ್ಡ ಅಂತರ. ಆದ್ದರಿಂದ ಇಂಥ ಸ್ಲೈಡಿನಲ್ಲಿ ಬಳೆ ಬರುವುದು ಅಪರೂಪ. ಚೌಕಟ್ಟಿಲ್ಲದ ಬಿಡಿ ಫಿಲ್ಮನ್ನು ನೇರ ಗಾಜಿಗೆ ಒತ್ತಿದರೆ ಬರುತ್ತದೆ. ಇಲ್ಲವೇ ಸ್ಲೈಡ್ ಗಾಜಿನ ಚೌಕಟ್ಟಿನದ್ದಾಗಿದ್ದರೆ ಬರುತ್ತದೆ.

ಪ್ರೊಜೆಕ್ಟರ್ ದೀಪದ ಬಿಸಿಗೆ ಫಿಲ್ಮ್ ಬಾಗಬಾರದೆಂದು ಹಿಂದೆ ಅನೇಕರು ಅದನ್ನು ಎರಡು ತೆಳು ಗಾಜುಗಳ ನಡುವೆ ಇಟ್ಟು ಮುಚ್ಚುತ್ತಿದ್ದರು. ಆ ಗಾಜಿಗೆ ಫಿಲ್ಮಿನ ಹೊಳಪಿನ ಬದಿ ಅಲ್ಲಲ್ಲಿ ತಾಗಿದಾಗ ಬಳೆಗಳು ಚೌಕಟ್ಟಿನ ಒಳಗೇ ಹುಟ್ಟುತ್ತವೆ. ಸ್ಕ್ಯಾನರ್ ಬದಲಿಸಿದರೂ ಅವು ಹೋಗವು.

ಒಂದು ಸ್ಲೈಡಿನ ಕತೆ

ಅಫಜಲಪುರ ತಾಲ್ಲೂಕಿನ ಹವಳಗಾದ ಒಂದು ಮನೆಯಿಂದ ನಮ್ಮ ಕೈಗೆ ಬಂದ ಸ್ಲೈಡ್ ಪೆಟ್ಟಿಗೆಯಲ್ಲಿ ಇಂಥದ್ದೇ ಒಂದು ಇತ್ತು. ದೇವಲ ಗಾಣಗಾಪುರದಲ್ಲಿ ಭೀಮಾ ಮತ್ತು ಅಮರಜಾ ನದಿಗಳು ಸೇರುವ ಸಂಗಮದ ಚಿತ್ರ. ಕೆಳಗೆ ನೀರು ಮತ್ತು ಜನ, ಮೇಲರ್ಧ ಪೂರ್ತಿ ಖಾಲಿ ಆಕಾಶ. ಆ ಆಕಾಶದ ತುಂಬ ಬಳೆಗಳು. ಸ್ಟುಡಿಯೊದವರು ಫಂಗಸ್ ಎಂದು ಹೇಳಿ ವಾಪಸು ಕೊಟ್ಟಿದ್ದರಂತೆ. ಮನೆಯವರು ಅದನ್ನು ತೊಳೆದು ನೋಡಬೇಕೆಂದಿದ್ದರು.

ನಾವು ಮೊದಲು ಸ್ಕ್ಯಾನರ್ ಮುಟ್ಟಲಿಲ್ಲ. ಸ್ಲೈಡನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ಮೇಲ್ಮೈಯ ಹೊಳಪು ನೋಡಿದೆವು. ಬಳೆಗಳು ಸ್ಕ್ಯಾನಿನಲ್ಲಿ ಕಂಡದ್ದಕ್ಕಿಂತ ಚೆನ್ನಾಗಿ ಕಂಡವು. ಇದು ಸಹಜ, ಏಕೆಂದರೆ ಪ್ರತಿಫಲನದಲ್ಲಿ ಬಳೆಗಳು ಗಾಢ, ಬೆಳಕು ಹಾದುಹೋಗುವಾಗ ಮಸುಕು. ಚೌಕಟ್ಟಿನ ಮೂಲೆಯನ್ನು ಮೆಲ್ಲಗೆ ಒತ್ತಿದೆವು, ಬಳೆಗಳು ಜರುಗಿದವು. ಫಂಗಸ್ ಹೀಗೆ ಜರುಗುವುದಿಲ್ಲ. ಅದು ಬೇರಿನಂತೆ ಕವಲೊಡೆದ ಎಳೆಗಳಾಗಿ, ಒಂದೇ ಜಾಗದಲ್ಲಿ ಕೂತಿರುತ್ತದೆ, ಅದಕ್ಕೆ ಕಾಮನಬಿಲ್ಲಿನ ಬಣ್ಣಗಳೂ ಇರುವುದಿಲ್ಲ.

ನಂತರ ಒಮ್ಮೆ ಸ್ಕ್ಯಾನ್ ಮಾಡಿ, ಸ್ಲೈಡನ್ನು ಅರ್ಧ ಸುತ್ತು ತಿರುಗಿಸಿ ಮತ್ತೊಮ್ಮೆ ಮಾಡಿದೆವು. ಚಿತ್ರದ ಜೊತೆಗೆ ಬಳೆಗಳೂ ತಿರುಗಿದ್ದವು. ಅಲ್ಲಿಗೆ ತಪ್ಪು ಸ್ಕ್ಯಾನರಿನದ್ದಲ್ಲ, ಚೌಕಟ್ಟಿನ ಗಾಜಿನದ್ದು ಎಂದು ಖಚಿತವಾಯಿತು. ಬಿಡಿ ಫಿಲ್ಮ್ ಸ್ಕ್ಯಾನರಿನ ಗಾಜಿಗೆ ತಾಗಿ ಬರುವ ಬಳೆಗಳಾಗಿದ್ದರೆ ಪ್ರತಿ ಸಲ ಇಟ್ಟಾಗಲೂ ಬೇರೆ ಆಕಾರದಲ್ಲಿರುತ್ತವೆ.

ಪರಿಹಾರ ಫಿಲ್ಮನ್ನು ಗಾಜಿನಿಂದ ಬಿಡಿಸುವುದು. ಕೈಗೆ ಹತ್ತಿಯ ಕೈಗವಸು ಹಾಕಿ, ಚೌಕಟ್ಟಿನ ಎರಡು ಹಾಳೆಗಳ ನಡುವಿನ ಸಂದಿಗೆ ಉಗುರು ತೂರಿಸಿ ತೆರೆದೆವು. ಅಂಚಿಗೆ ಪಟ್ಟಿ ಸುತ್ತಿದ ಹಳೆಯ ಮಾದರಿಯಾದರೆ ಪಟ್ಟಿಯನ್ನು ಬ್ಲೇಡಿನಿಂದ ಅಂಚಿನ ಗುಂಟ ಕೊಯ್ಯಬೇಕು. ಫಿಲ್ಮನ್ನು ಅಂಚಿನಲ್ಲಿ ಮಾತ್ರ ಹಿಡಿದು, ಗಾಜಿಲ್ಲದ ಪ್ಲಾಸ್ಟಿಕ್ ಚೌಕಟ್ಟಿಗೆ ಹಾಕಿ ಸ್ಕ್ಯಾನ್ ಮಾಡಿದಾಗ ಆಕಾಶ ಸ್ವಚ್ಛವಾಗಿ ಬಂತು. ತೆರೆಯುವಾಗ ಫಿಲ್ಮ್ ಗಾಜಿಗೆ ಅಂಟಿಕೊಂಡಂತೆ ಅನಿಸಿದರೆ ಅಲ್ಲೇ ನಿಲ್ಲಿಸಿ. ಎಳೆದರೆ ಚಿತ್ರದ ಪದರವೇ ಕಿತ್ತು ಬರಬಹುದು. ಅಂಥ ಸ್ಲೈಡಿನಲ್ಲಿ ಬಳೆ ಇದ್ದರೂ ಪರವಾಗಿಲ್ಲ, ಗಾಜಿನ ಸಮೇತವೇ ಸ್ಕ್ಯಾನ್ ಮಾಡಿ.

ಗಾಜು ತೆಗೆದರೆ ಒಂದು ನಷ್ಟವೂ ಇದೆ. ಫಿಲ್ಮ್ ಸ್ವಲ್ಪ ಬಾಗುತ್ತದೆ, ಆಗ ನಡುಭಾಗ ಸ್ಪಷ್ಟವಾಗಿದ್ದರೆ ಮೂಲೆಗಳು ಮಸುಕಾಗಬಹುದು. ಬಾಗು ಹೆಚ್ಚಿದ್ದರೆ ಆಂಟಿ-ನ್ಯೂಟನ್ ಗಾಜಿನ ಚೌಕಟ್ಟು ಬಳಸಬಹುದು. ಅದರ ಮೈ ಕಣ್ಣಿಗೆ ಕಾಣದಷ್ಟು ತರಿತರಿಯಾಗಿರುವುದರಿಂದ ಸಮನಾದ ಗಾಳಿಯ ಪದರ ಉಂಟಾಗುವುದಿಲ್ಲ. ಆ ತರಿಯ ಬದಿ ಫಿಲ್ಮಿನ ಹೊಳಪಿನ ಬದಿಗೆ ಎದುರಾಗಿರಬೇಕು. ಫಿಲ್ಮಿನ ಮಂಕು ಬದಿ, ಅಂದರೆ ಬಣ್ಣದ ಪದರವಿರುವ ಬದಿ, ತಾನೇ ಅಷ್ಟು ನುಣುಪಲ್ಲ, ಅಲ್ಲಿ ಬಳೆ ಕಡಿಮೆ. ಬಿಡಿ ಫಿಲ್ಮನ್ನು ಮಂಕು ಬದಿ ಕೆಳಗಾಗಿ ಇಡಲು ಹೇಳುವುದೂ ಇದಕ್ಕೇ. ಹಾಗೆ ಇಟ್ಟರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರಬಹುದು. ಚಿತ್ರದಲ್ಲಿ ಅಂಗಡಿಯ ಬೋರ್ಡೋ ಬಸ್ಸಿನ ನಂಬರೋ ಇದ್ದರೆ ಓದಿ ನೋಡಿ, ಉಲ್ಟಾ ಇದ್ದರೆ ಕಂಪ್ಯೂಟರಿನಲ್ಲಿ ಎಡಬಲ ತಿರುಗಿಸಿದರಾಯಿತು.

ಧೂಳಿನ ಕತೆ ಬೇರೆ

ಬಳೆ ಎಲ್ಲ ಸ್ಲೈಡಿಗೂ ಬರದು, ಧೂಳು ಬಿಡದು. ನಮ್ಮ ಕಡೆ ಬೇಸಿಗೆಯಲ್ಲಿ ಎರೆಮಣ್ಣಿನ ಹುಡಿ, ಕಬ್ಬು ಕಟಾವಿನ ಕಾಲದಲ್ಲಿ ಹೊಲದಲ್ಲಿ ರವದಿ ಸುಟ್ಟ ಕರಿಬೂದಿ. ಒಣಗಾಳಿಯಲ್ಲಿ ಫಿಲ್ಮಿಗೆ ವಿದ್ಯುದಂಶ ಸೇರಿ ಕಣಗಳನ್ನು ಅದೇ ಎಳೆದುಕೊಳ್ಳುತ್ತದೆ. ಒಣ ಬಟ್ಟೆಯಿಂದ ಉಜ್ಜಿದಷ್ಟೂ ಇದು ಹೆಚ್ಚುತ್ತದೆ. ಸ್ಲೈಡಿನ ಚಿತ್ರ 24x36 ಮಿಲಿಮೀಟರ್. ಅದನ್ನು ಹತ್ತು ಪಟ್ಟು ದೊಡ್ಡದು ಮಾಡಿದರೆ 0.1 ಮಿಲಿಮೀಟರಿನ ಕಣ 1 ಮಿಲಿಮೀಟರಿನ ಕಪ್ಪು ಚುಕ್ಕೆಯಾಗುತ್ತದೆ.

ನಾವು ಮಾಡುವುದು ಇಷ್ಟು. ಫ್ಯಾನ್ ಆರಿಸಿ, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹುಡಿ ಕೂರಲು ಅರ್ಧ ಗಂಟೆ ಬಿಡುತ್ತೇವೆ. ಮೊದಲು ಸ್ಕ್ಯಾನರಿನ ಗಾಜು ಮತ್ತು ಮುಚ್ಚಳದ ದೀಪದ ಗಾಜನ್ನು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸುತ್ತೇವೆ. ಸ್ಲೈಡನ್ನು ಲಂಬವಾಗಿ ಹಿಡಿದು, ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ರಬ್ಬರ್ ಬುರುಡೆಯಿಂದ ಎರಡೂ ಬದಿಗೆ ಗಾಳಿ ಊದುತ್ತೇವೆ. ಬಾಯಿಯಿಂದ ಊದಬೇಡಿ, ಎಂಜಲಿನ ಹನಿ ಧೂಳಿಗಿಂತ ಕೆಟ್ಟದ್ದು. ಉಳಿದ ಕಣಗಳಿಗೆ ಮೃದುವಾದ ಆಂಟಿ-ಸ್ಟ್ಯಾಟಿಕ್ ಬ್ರಷ್, ಒತ್ತದೆ ಒಂದೇ ದಿಕ್ಕಿಗೆ. ಗಾಜಿನ ಚೌಕಟ್ಟಾದರೆ ಧೂಳು ಕೂರುವ ಮೈಗಳು ಎರಡಲ್ಲ, ಆರು: ಫಿಲ್ಮಿನ ಎರಡು, ಗಾಜುಗಳ ನಾಲ್ಕು. ಅದನ್ನು ತೆರೆಯಲು ಇದು ಇನ್ನೊಂದು ಕಾರಣ.

ಚುಕ್ಕೆ ಎಲ್ಲಿದೆ ಎಂದು ತಿಳಿಯಲೂ ಅದೇ ತಿರುಗಿಸುವ ಪರೀಕ್ಷೆ. ಸ್ಲೈಡಿನ ಜೊತೆ ತಿರುಗಿದರೆ ಸ್ಲೈಡಿನದ್ದು, ಅಲ್ಲೇ ಉಳಿದರೆ ಸ್ಕ್ಯಾನರಿನದ್ದು. ಚುಕ್ಕೆಯ ಬದಲು ಚಿತ್ರದ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರ ಬಣ್ಣದ ಗೆರೆ ಬಂದರೆ, ಫಿಲ್ಮ್ ಹೋಲ್ಡರಿನ ತುದಿಯಲ್ಲಿ ಖಾಲಿ ಬಿಟ್ಟಿರುವ ಕಿಂಡಿಯ ಕೆಳಗಿನ ಗಾಜು ನೋಡಿ. ಸ್ಕ್ಯಾನರ್ ತನ್ನ ಬೆಳಕನ್ನು ಅಳೆದುಕೊಳ್ಳುವ ಜಾಗ ಅದು, ಅಲ್ಲಿ ಕೂತ ಒಂದೇ ಕಣ ಇಡೀ ಚಿತ್ರಕ್ಕೆ ಗೆರೆ ಎಳೆಯುತ್ತದೆ.

ಕೆಲವು ಸ್ಕ್ಯಾನರುಗಳಲ್ಲಿ Digital ICE ಎಂಬ ಆಯ್ಕೆ ಇರುತ್ತದೆ. ಅದು ಅವಗೆಂಪು ಬೆಳಕಿನಲ್ಲಿ ಇನ್ನೊಂದು ಸ್ಕ್ಯಾನ್ ಮಾಡುತ್ತದೆ. ಸಾಮಾನ್ಯ ಕಲರ್ ಫಿಲ್ಮಿನ ಬಣ್ಣಗಳು ಆ ಬೆಳಕನ್ನು ದಾಟಲು ಬಿಡುತ್ತವೆ, ಧೂಳು ಮತ್ತು ಗೀರು ತಡೆಯುತ್ತವೆ. ಹಾಗೆ ಸಿಕ್ಕ ನಕ್ಷೆಯಿಂದ ಕಣಗಳನ್ನು ಗುರುತಿಸಿ, ಸುತ್ತಲಿನ ಬಣ್ಣದಿಂದ ತುಂಬುತ್ತದೆ. ಆದರೆ ಬೆಳ್ಳಿಯ ಕಣಗಳಿಂದಾದ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಅವಗೆಂಪನ್ನು ತಡೆಯುತ್ತದೆ. ಆಗ ಚಿತ್ರದ ವಿವರಗಳನ್ನೂ ಧೂಳೆಂದು ಅಳಿಸಿಬಿಡುತ್ತದೆ. ಕೊಡಾಕ್ರೋಮ್ ಸ್ಲೈಡಿನಲ್ಲೂ ಇದೇ ತೊಂದರೆ ಸ್ವಲ್ಪ ಮಟ್ಟಿಗೆ ಇದೆ. ಚೌಕಟ್ಟಿನ ಮೇಲೆ ಆ ಹೆಸರು ಇದ್ದರೆ ಆಯ್ಕೆಯನ್ನು ಆರಿಸಿ, ಅಂಚುಗಳು ವಿಚಿತ್ರವಾಗಿಲ್ಲವೇ ಎಂದು ಹೋಲಿಸಿ ನೋಡಿ. ಬಳೆಗಳನ್ನು ತೆಗೆಯಲು ಇದನ್ನು ನಂಬಬೇಡಿ.

ನಿಜವಾಗಿಯೂ ಫಂಗಸ್ ಇದ್ದರೆ?

ಆಗ ನೀರು ಮುಟ್ಟಿಸಲೇಬಾರದು. ಫಂಗಸ್ ತಿಂದ ಜೆಲಟಿನ್ ನೀರಿನಲ್ಲಿ ಕರಗುತ್ತದೆ, ಒರೆಸಿದ ಕಡೆ ಚಿತ್ರವೂ ಹೋಗುತ್ತದೆ. ಅಂಗಡಿಯ ಸ್ಪಿರಿಟ್ಟಿನಲ್ಲೂ ನೀರು ಬೆರೆತಿರುತ್ತದೆ. ಮೊದಲು ಇದ್ದ ಹಾಗೆಯೇ ಒಂದು ಸ್ಕ್ಯಾನ್ ಮಾಡಿ ಎರಡು ಕಡೆ ಉಳಿಸಿಡಿ. ಆಮೇಲೆ ಬೇಕಿದ್ದರೆ ಫಿಲ್ಮಿಗೆಂದೇ ಮಾಡಿದ, ನೀರಿಲ್ಲದ ಕ್ಲೀನರನ್ನು ಮುಖ್ಯವಲ್ಲದ ಒಂದು ಸ್ಲೈಡಿನ ಮೂಲೆಯಲ್ಲಿ ಮೊದಲು ಪ್ರಯತ್ನಿಸಿ. ಸಂಗಮದ ಆ ಸ್ಲೈಡಿನ ಜೊತೆಗಿದ್ದ ಮತ್ತೆರಡರಲ್ಲಿ ನಿಜವಾದ ಫಂಗಸ್ ಎಳೆಗಳಿದ್ದವು. ಅವನ್ನು ನಾವು ಒರೆಸಲಿಲ್ಲ. ಸ್ಕ್ಯಾನ್ ಮಾಡಿ, ಬೇರೆ ಡಬ್ಬಿಗೆ ಹಾಕಿ, ಒಣ ಸಿಲಿಕಾ ಜೆಲ್ ಪೊಟ್ಟಣವಿಟ್ಟು ಹಿಂದಿರುಗಿಸಿದೆವು.