ಬಯಕೆ ಎಂಬ ಮಾತಿನ ಮರೆಯಲ್ಲಿ

ಬಯಕೆ ಎಂದರೆ ಕನ್ನಡದಲ್ಲಿ ಯಾವ ಆಸೆಯೂ ಆಗಬಹುದು. ಬಸುರಿಗೆ ಅನ್ವಯಿಸಿದಾಗ ಮಾತ್ರ ಅದು ಆಸೆಯಾಗಿ ಉಳಿಯದೆ ಹಕ್ಕಾಗುತ್ತದೆ. ಕರಾವಳಿಯ ಕಡೆ ಸೀಮಂತಕ್ಕೇ ಬಯಕೆ ಎಂದು ಹೆಸರು. ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿಗೆ ಕೇಡು ಎಂಬ ನಂಬಿಕೆಗೆ ಸುಶ್ರುತಸಂಹಿತೆಯಷ್ಟು ಹಳೆಯ ಬೇರಿದೆ: ಗರ್ಭಿಣಿಯೊಳಗೆ ಎರಡು ಹೃದಯಗಳಿರುವುದರಿಂದ ಅವಳ ಆಸೆಯನ್ನು ತಡೆದರೆ ಮಗು ಅಂಗವಿಕಲವಾಗಿ ಹುಟ್ಟಬಹುದು ಎನ್ನುತ್ತದೆ ಅದು. ಗರ್ಭಿಣಿ ಮಣ್ಣು ತಿನ್ನುವುದೂ ಹೊಸತಲ್ಲ. ಕಾಳಿದಾಸನ ರಘುವಂಶದಲ್ಲಿ ದಿಲೀಪ ಮಹಾರಾಜ ಬಸುರಿ ಸುದಕ್ಷಿಣೆಯ ಮುಖದಲ್ಲಿ ಮಣ್ಣಿನ ಕಂಪನ್ನು ಆಘ್ರಾಣಿಸಿ ಸುಖಿಸುತ್ತಾನೆ. ಹುಟ್ಟಲಿರುವವನು ಭೂಮಿಯನ್ನೇ ಆಳುವವನಾದ್ದರಿಂದ ತಾಯಿಯ ಮನಸ್ಸು ಮಣ್ಣಿನತ್ತ ಹೋಯಿತು ಎಂಬುದು ಕವಿಯ ವಿವರಣೆ. ಕಾವ್ಯಕ್ಕೆ ಸರಿ. ಆದರೆ ಮಾವಿನಕಾಯಿಯ ಆಸೆಗೂ ಗೋಡೆಯ ಸುಣ್ಣ ಕೆರೆದು ತಿನ್ನುವ ಆಸೆಗೂ ನಾವು ಒಂದೇ ಮಾತನ್ನು ಬಳಸುತ್ತೇವೆ. ಮೊದಲನೆಯದು ರುಚಿಯ ವಿಷಯ. ಎರಡನೆಯದು ರಕ್ತಪರೀಕ್ಷೆ ಮಾಡಿಸಬೇಕಾದ ವಿಷಯ. ಈ ವ್ಯತ್ಯಾಸ ಬಯಕೆ ಎಂಬ ಮುದ್ದಿನ ಮಾತಿನ ಮರೆಗೆ ಸರಿಯುತ್ತದೆ ಎಂಬುದೇ ನನ್ನ ತಕರಾರು.

ಆಹಾರವಲ್ಲದ್ದನ್ನು ತಿನ್ನಬೇಕೆನಿಸುವ ಈ ತುಡಿತಕ್ಕೆ ವೈದ್ಯರು ಕೊಟ್ಟ ಹೆಸರು ಪೈಕಾ. ಮಣ್ಣು, ಬಳಪ, ಸೀಮೆಸುಣ್ಣ, ಬೂದಿಯ ಜೊತೆಗೆ ಹಿಡಿಗಟ್ಟಲೆ ಹಸಿ ಅಕ್ಕಿ ಮತ್ತು ಮಂಜುಗಡ್ಡೆಯನ್ನೂ ಅದರೊಳಗೇ ಸೇರಿಸುತ್ತಾರೆ. ಇಂಥ ತುಡಿತವಿರುವವರಲ್ಲಿ ಕಬ್ಬಿಣದ ಕೊರತೆ ಹೆಚ್ಚಾಗಿ ಕಾಣುತ್ತದೆ. ಇದಕ್ಕೆ ಕೂಡಲೇ ಬರುವ ಸಮಾಧಾನವೊಂದಿದೆ: ದೇಹಕ್ಕೆ ಬೇಕಾದದ್ದು ದೇಹಕ್ಕೇ ಗೊತ್ತು, ಕೆಮ್ಮಣ್ಣಿನಲ್ಲಿ ಕಬ್ಬಿಣವಿದೆ, ಅದನ್ನೇ ಅದು ಕೇಳುತ್ತಿದೆ. ಕೇಳಲು ಚೆನ್ನಾಗಿರುವ ಈ ವಾದ ಮಂಜುಗಡ್ಡೆಯ ಮುಂದೆ ನಿಲ್ಲುವುದಿಲ್ಲ. ಮಂಜುಗಡ್ಡೆಯಲ್ಲಿ ಕಬ್ಬಿಣವೆಲ್ಲಿದೆ? ಆದರೂ ಕೊರತೆಯೊಂದಿಗೆ ಅತಿ ಬಲವಾಗಿ ತಳುಕು ಹಾಕಿಕೊಂಡಿರುವ ತುಡಿತ ಅದೇ; ಕಬ್ಬಿಣ ಕೊಡಲಾರಂಭಿಸಿದರೆ ಹಿಮೋಗ್ಲೋಬಿನ್ ಏರುವ ಮೊದಲೇ ಅದು ಇಳಿಯುವುದುಂಟು. ಪಾಲಿಶ್ ಮಾಡಿದ ಅಕ್ಕಿಯಲ್ಲೂ ಕಬ್ಬಿಣ ಅತ್ಯಲ್ಪ. ಇನ್ನು ಕೆಮ್ಮಣ್ಣಿನ ಕಬ್ಬಿಣ ತುಕ್ಕಿನ ರೂಪದ್ದು, ಕರುಳು ಅದನ್ನು ಹೀರಿಕೊಳ್ಳುವುದು ಕಷ್ಟ. ಸಾಲದ್ದಕ್ಕೆ ಕೆಲವು ಜೇಡಿಮಣ್ಣುಗಳು ಊಟದಲ್ಲಿ ಬಂದ ಕಬ್ಬಿಣವನ್ನೂ ಹಿಡಿದಿಟ್ಟು ಹೊರಗೆ ಸಾಗಿಸುತ್ತವೆ. ಹೀಗಾಗಿ ಕೊರತೆಯಿಂದ ಮಣ್ಣೋ, ಮಣ್ಣಿನಿಂದ ಕೊರತೆಯೋ ಎಂಬುದು ಪ್ರತಿಯೊಬ್ಬರಲ್ಲೂ ಬಿಡಿಸಿ ಹೇಳಲಾಗದ ಪ್ರಶ್ನೆ.

ಅಜ್ಜಿಯರೂ ತಿಂದಿದ್ದರಲ್ಲ, ಏನಾಯಿತು ಎಂಬ ಆಕ್ಷೇಪವನ್ನು ತಳ್ಳಿಹಾಕಬೇಕಿಲ್ಲ. ನಯವಾದ ಜೇಡಿ ಕರುಳಿನ ಒಳಗೋಡೆಗೆ ಲೇಪವಾಗಿ ವಾಕರಿಕೆ ತಗ್ಗಿಸಬಹುದು, ವಿಷಾಂಶಗಳನ್ನು ತಡೆಯಬಹುದು ಎಂದು ಯೋಚಿಸುವ ಸಂಶೋಧಕರಿದ್ದಾರೆ. ಇರಬಹುದು. ಆದರೆ ಹಿತ್ತಲ ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆಗಳಿರುತ್ತವೆ. ಹಳೆಯ ಬಣ್ಣದ ಗೋಡೆಯ ಚಕ್ಕೆಯಲ್ಲಿ, ರಸ್ತೆಬದಿಯ ಧೂಳಿನಲ್ಲಿ ಸೀಸವಿರಬಹುದು, ಅದು ಮಾಸುಚೀಲವನ್ನು ದಾಟಿ ಮಗುವಿನ ಮಿದುಳನ್ನು ಮುಟ್ಟುತ್ತದೆ. ಹಸಿ ಅಕ್ಕಿಯಲ್ಲಿ ಈ ಭಯ ಕಡಿಮೆ. ಅಲ್ಲಿನ ತೊಂದರೆ ಹಲ್ಲು ಸವೆಯುವುದು, ಊಟ ಸೇರದಾಗುವುದು. ಆಗೊಮ್ಮೆ ಈಗೊಮ್ಮೆ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುವುದನ್ನು ರೋಗವೆನ್ನುವವರ ಪೈಕಿ ನಾನಲ್ಲ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಐದನೇ ತಿಂಗಳ ಬಸುರಿ, ದಿನಾ ಬಳಪ ಕಚ್ಚುತ್ತಾಳೆ, ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 9.2 ಬಂತು, 11ಕ್ಕಿಂತ ಕೆಳಗಿದ್ದರೆ ಗರ್ಭಿಣಿಯರಲ್ಲಿ ರಕ್ತಹೀನತೆ ಎಂದು ಸಾಮಾನ್ಯ ಲೆಕ್ಕ. ದೇಶದ ಕಾರ್ಯಕ್ರಮದಲ್ಲಿ ಎಲ್ಲ ಗರ್ಭಿಣಿಯರಿಗೂ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು, 60 ಮಿಲಿಗ್ರಾಂ ಕಬ್ಬಿಣದ ಮಾತ್ರೆಯಿದೆ. ಇವಳಿಗೆ ದಿನಕ್ಕೆ ಎರಡು. ಕಾಫಿ, ಚಹಾ, ಹಾಲಿನೊಂದಿಗೆ ನುಂಗಿದರೆ ಅರ್ಧ ಲಾಭ ನಷ್ಟ, ಕ್ಯಾಲ್ಸಿಯಂ ಮಾತ್ರೆಯನ್ನೂ ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು. ತಿಂಗಳ ನಂತರ ಕನಿಷ್ಠ ಒಂದು ಅಂಕಿ ಏರಿರಬೇಕು. ಏರದಿದ್ದರೆ ಮಾತ್ರೆ ಹೊಟ್ಟೆಗೆ ಹೋಗುತ್ತಿದೆಯೇ, ಜಂತುಹುಳುವಿದೆಯೇ, ಥಲಸೀಮಿಯಾದಂಥ ಹುಟ್ಟು ಕಾರಣವಿದೆಯೇ ಎಂದು ವೈದ್ಯರು ಹುಡುಕುತ್ತಾರೆ. ಹಿಮೋಗ್ಲೋಬಿನ್ ಸರಿಯಿದ್ದರೂ ದೇಹದಲ್ಲಿ ಕೂಡಿಟ್ಟ ಕಬ್ಬಿಣ ಬರಿದಾಗಿರಬಹುದು. ಅದನ್ನು ಹೇಳುವುದು ಫೆರಿಟಿನ್ ಪರೀಕ್ಷೆ. ಎಲ್ಲವೂ ಸರಿಯಿದ್ದೂ ಮಣ್ಣು ಬೇಕೆನಿಸುವವರಿದ್ದಾರೆ, ಕೊರತೆಯಿದ್ದೂ ಎಂದಿಗೂ ಬೇಕೆನಿಸದವರು ಇನ್ನೂ ಹೆಚ್ಚು. ಆದ್ದರಿಂದ ತುಡಿತವಿಲ್ಲವೆಂದು ಪರೀಕ್ಷೆ ಬಿಡುವಂತಿಲ್ಲ.

ಕಷ್ಟವಿರುವುದು ಈ ಸಂಗತಿ ಪರೀಕ್ಷೆಯ ಕೋಣೆಯವರೆಗೆ ಬರುವುದರಲ್ಲಿ. ಮಾವಿನಕಾಯಿ ಬೇಕೆಂದು ಸೊಸೆ ಎಲ್ಲರೆದುರು ಹೇಳುತ್ತಾಳೆ, ಬಳಪವನ್ನು ಸೆರಗಿನಲ್ಲಿ ಬಚ್ಚಿಡುತ್ತಾಳೆ. ಬಯಕೆ ಏನಾದರೂ ಇದೆಯೇ ಎಂದು ಕೇಳಿದರೆ ನಕ್ಕು ಹುಳಿಯ ಹೆಸರು ಹೇಳುತ್ತಾಳೆ. ಮಣ್ಣು, ಬಳಪ, ಅಕ್ಕಿ, ಐಸು ಎಂದು ಒಂದೊಂದನ್ನೇ ಹೆಸರಿಸಿ, ಗದರುವ ದನಿಯಿಲ್ಲದೆ, ಅತ್ತೆ ಪಕ್ಕದಲ್ಲಿಲ್ಲದ ಹೊತ್ತಿನಲ್ಲಿ ಕೇಳುವ ದಾದಿಗೆ ಮಾತ್ರ ನಿಜವಾದ ಉತ್ತರ ಸಿಕ್ಕೀತು.