ಸಹಿಗೆ ಮೊದಲಿನ ಮಾತು: ಸೊಂಟದ ಕೀಲು ಬದಲಾವಣೆ ಮತ್ತು ರೋಗಿಯ ಒಪ್ಪಿಗೆ

ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಕೊಟ್ಟ ತೀರ್ಪಿಗೂ ಮೂಳೆಗೂ ನೇರ ಸಂಬಂಧವಿಲ್ಲ. ಲ್ಯಾಪರೊಸ್ಕೋಪಿಗೆ ಒಪ್ಪಿ ಅರಿವಳಿಕೆ ಪಡೆದಿದ್ದ ಮಹಿಳೆಯೊಬ್ಬರ ಗರ್ಭಕೋಶ ಮತ್ತು ಅಂಡಾಶಯಗಳನ್ನು, ಹೊರಗೆ ಕಾಯುತ್ತಿದ್ದ ತಾಯಿಯ ಒಪ್ಪಿಗೆಯ ಮೇಲೆ ತೆಗೆಯಲಾಗಿತ್ತು. ಕರ್ನಾಟಕ ಹೈಕೋರ್ಟಿನಲ್ಲೂ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಅವರು ಬರೆದ ಈ ತೀರ್ಪು ಎರಡು ವಿಷಯಗಳನ್ನು ಸ್ಪಷ್ಟಪಡಿಸಿತು. ಜೀವಕ್ಕೆ ತುರ್ತು ಇಲ್ಲದಿರುವಾಗ ವಯಸ್ಕ ರೋಗಿಯ ಬದಲು ಮನೆಯವರು ಒಪ್ಪಿಗೆ ಕೊಡುವಂತಿಲ್ಲ. ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲುವುದಿಲ್ಲ. ಚಿಕಿತ್ಸೆಯ ಸ್ವರೂಪ, ಉದ್ದೇಶ, ಪ್ರಯೋಜನ, ಬೇರೆ ದಾರಿಗಳು, ಗಣನೀಯ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ, ಇಷ್ಟನ್ನೂ ರೋಗಿಗೆ ತಿಳಿಸಬೇಕು.

ಸೊಂಟದ ಕೀಲು ಬದಲಾವಣೆಗೆ ಈ ತೀರ್ಪು ಇನ್ನಷ್ಟು ಬಿಗಿಯಾಗಿ ಅನ್ವಯಿಸುತ್ತದೆ. ಮುರಿತವಾಗದ ಸಂದರ್ಭದಲ್ಲಿ ಇದು ದಿನ ಗೊತ್ತುಮಾಡಿ ಮಾಡುವ ಶಸ್ತ್ರಚಿಕಿತ್ಸೆ. ಇವತ್ತು ಮಾಡಿಸಬಹುದು, ಆರು ತಿಂಗಳು ಬಿಟ್ಟು ಮಾಡಿಸಬಹುದು, ಮಾಡಿಸದೆಯೂ ಇರಬಹುದು. ಆದ್ದರಿಂದ ಆಪರೇಷನ್ ಮುಂಚಿನ ರಾತ್ರಿ ವಾರ್ಡಿನಲ್ಲಿ ಸಹಿ ಹಾಕಿಸಿಕೊಳ್ಳುವುದಕ್ಕೆ ಸಮರ್ಥನೆ ಸಿಗುವುದು ಕಷ್ಟ. ಆ ಮಾತುಕತೆ ಹೊರರೋಗಿ ವಿಭಾಗದಲ್ಲೇ ನಡೆದು, ರೋಗಿ ಮನೆಗೆ ಹೋಗಿ ಯೋಚಿಸಿ ಬರುವಷ್ಟು ಬಿಡುವು ಇರಬೇಕು.

ಆ ಮಾತು ಹೇಗಿರಬೇಕೆಂದು ತೋರಿಸಲು ಒಬ್ಬ ಕಲ್ಪಿತ ರೋಗಿಯನ್ನು ತೆಗೆದುಕೊಳ್ಳಬಹುದು. ಮಲೆನಾಡಿನ 46 ವರ್ಷದ ಗಂಡಸು. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಾನೆ, ಉಳಿದ ದಿನ ತೋಟದ ಕೆಲಸ. ಮನೆಯಲ್ಲಿರುವುದು ನೆಲಮಟ್ಟದ ಶೌಚಾಲಯ. ಹಲವು ವರ್ಷ ಕುಡಿತವಿತ್ತು. ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ನಿಂತು, ಆ ಭಾಗ ಸತ್ತು, ಈಗ ಬಲಗಡೆಯದು ಕುಸಿದಿದೆ. ಎಡಗಡೆಯಲ್ಲೂ ರೋಗ ಶುರುವಾಗಿರುವುದು ಎಂಆರ್‌ಐಯಲ್ಲಿ ಕಂಡಿದೆ. ಭಾರತದಲ್ಲಿ ನಡುವಯಸ್ಸಿನವರು ಈ ಶಸ್ತ್ರಚಿಕಿತ್ಸೆಗೆ ಬರಲು ಮುಖ್ಯ ಕಾರಣಗಳಲ್ಲಿ ಇದೂ ಒಂದು. ಕುಡಿತ ಮತ್ತು ಸ್ಟೀರಾಯ್ಡ್ ಔಷಧ ಇದಕ್ಕೆ ಹೆಸರಾದ ಕಾರಣಗಳು, ರೋಗ ಎರಡೂ ಕಡೆ ಬರುವುದು ಸಾಮಾನ್ಯ.

ವೈದ್ಯರು ಬೇರೆ ದಾರಿಗಳಿಂದ ಆರಂಭಿಸುವುದು ಮೇಲು. ಅಪಾಯಗಳನ್ನು ಹೇಳಿ ಮುಗಿಸಿದ ಮೇಲೆ ‘ಬೇರೆ ದಾರಿಯೂ ಇದೆ’ ಎಂದರೆ ಅದು ಬರಿಯ ಶಾಸ್ತ್ರಕ್ಕೆ ಹೇಳಿದಂತಾಗುತ್ತದೆ.

“ನೋಡಿ, ಇದು ಜೀವಕ್ಕೆ ಅಪಾಯ ತರುವ ಕಾಯಿಲೆ ಅಲ್ಲ. ಆಪರೇಷನ್ ಬೇಡ ಅನ್ನಿಸಿದರೆ ನೋವಿನ ಮಾತ್ರೆ, ವ್ಯಾಯಾಮ, ಎಡಗೈಯಲ್ಲಿ ಊರುಗೋಲು, ಇಷ್ಟರಲ್ಲೇ ಕೆಲಕಾಲ ನಡೆಸಬಹುದು. ನೋವು ಕಡಿಮೆಯಾಗಬಹುದು, ಕುಸಿದ ಮೂಳೆ ಮಾತ್ರ ಮೊದಲಿನಂತಾಗಲ್ಲ. ತಡವಾದಷ್ಟೂ ಕಾಲು ಬಿಗಿಯುತ್ತೆ, ತೊಡೆಯ ಸ್ನಾಯು ಸೊರಗುತ್ತೆ. ಮೂಳೆಗೆ ರಂಧ್ರ ಕೊರೆದು ಒತ್ತಡ ಇಳಿಸುವ ಸಣ್ಣ ಆಪರೇಷನ್ ಒಂದಿದೆ. ಅದು ಮೂಳೆ ಕುಸಿಯೋಕೆ ಮುಂಚೆ ಮಾಡಬೇಕಾದದ್ದು. ನಿಮ್ಮ ಬಲಗಡೆಗೆ ಅದರ ಕಾಲ ಮೀರಿದೆ, ಎಡಗಡೆಗೆ ಯೋಚಿಸಬಹುದು.”

ಊರುಗೋಲು ನೋವಿನ ಕಾಲಿನ ಎದುರುಗಡೆಯ ಕೈಯಲ್ಲಿರಬೇಕೆಂಬುದು ಎಷ್ಟೋ ರೋಗಿಗಳಿಗೆ ಗೊತ್ತಿರುವುದಿಲ್ಲ. ಅದನ್ನು ಹಿಡಿದು ತೋರಿಸದೆ ‘ಊರುಗೋಲಿನಿಂದ ಪ್ರಯೋಜನವಾಗಲಿಲ್ಲ’ ಎಂದು ಕಡತದಲ್ಲಿ ಬರೆಯುವುದು ನ್ಯಾಯವಲ್ಲ.

ಅಪಾಯಗಳ ಮಾತಿಗೆ ಬಂದಾಗ ಅಂಕಿಗಳನ್ನು ಹೇಳುವ ರೀತಿಯೇ ತಿಳಿವಳಿಕೆಯನ್ನು ಕೆಡಿಸಬಲ್ಲದು. ‘ಐವತ್ತರಲ್ಲಿ ಒಬ್ಬರಿಗೆ’, ‘ಇನ್ನೂರರಲ್ಲಿ ಒಬ್ಬರಿಗೆ’ ಎಂದು ಲೆಕ್ಕದ ಬುಡ ಬದಲಾಯಿಸುತ್ತಾ ಹೋದರೆ, ಇನ್ನೂರು ದೊಡ್ಡ ಸಂಖ್ಯೆಯಾದ್ದರಿಂದ ಅಪಾಯವೂ ದೊಡ್ಡದೆಂದು ಅನೇಕರು ತಿಳಿಯುತ್ತಾರೆ. ಎಲ್ಲವನ್ನೂ ಸಾವಿರದ ಲೆಕ್ಕದಲ್ಲೇ ಹೇಳಿ, ತೊಂದರೆ ಆಗದವರ ಸಂಖ್ಯೆಯನ್ನೂ ಜೊತೆಗೆ ಕೊಡಬೇಕು.

“ಇಂಥ ಆಪರೇಷನ್ ಮಾಡಿಸಿಕೊಂಡ ಸಾವಿರ ಜನರಲ್ಲಿ ಸುಮಾರು ಹತ್ತು ಮಂದಿಗೆ ಕೀಲಿನ ಒಳಗೆ ಕೀವು ಆಗುತ್ತೆ, 990 ಜನರಿಗೆ ಆಗಲ್ಲ. ಆದವರಿಗೆ ಮಾತ್ರೆಯೊಂದರಲ್ಲೇ ಮುಗಿಯಲ್ಲ. ಮತ್ತೆ ತೆರೆದು ತೊಳೆಯಬೇಕು, ಕೆಲವೊಮ್ಮೆ ಹಾಕಿದ ಕೀಲನ್ನೇ ತೆಗೆದು, ವಾರಗಟ್ಟಲೆ ಔಷಧಿ ಕೊಟ್ಟು, ಆಮೇಲೆ ಹೊಸದು ಹಾಕಬೇಕು. ಇಪ್ಪತ್ತು ಮೂವತ್ತು ಮಂದಿಗೆ ಕೀಲು ಜಾರುತ್ತೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗಬಹುದು. ಅದನ್ನು ತಡೆಯೋಕೆ ಔಷಧಿ ಕೊಡ್ತೀವಿ, ಬೇಗ ನಡೆಸ್ತೀವಿ. ಮೀನಖಂಡ ಊದಿಕೊಂಡರೆ, ಉಸಿರು ಕಟ್ಟಿದರೆ ತಕ್ಷಣ ಬರಬೇಕು. ಸಾವಿರದಲ್ಲಿ ಮೂರರಿಂದ ಐದು ಮಂದಿ ಮೂರು ತಿಂಗಳೊಳಗೆ ತೀರಿಕೊಳ್ಳೋದೂ ಉಂಟು, ಅವರಲ್ಲಿ ಹೆಚ್ಚಿನವರು ವಯಸ್ಸಾದವರು.”

ಕಾಲಿನ ಉದ್ದದ ವಿಷಯಕ್ಕೆ ಹೆಚ್ಚು ಹೊತ್ತು ಕೊಡುವುದು ಒಳ್ಳೆಯದು. ವೈದ್ಯರಿಗೆ ಇದು ಚಿಕ್ಕದಾಗಿ ಕಾಣುತ್ತದೆ, ರೋಗಿಯ ಅಸಮಾಧಾನಕ್ಕೂ ದಾವೆಗೂ ಆಗಾಗ ಕಾರಣವಾಗುವುದು ಇದೇ. ಸುತ್ತಲಿನ ಸ್ನಾಯುಗಳು ಬಿಗಿಯಾಗಿದ್ದರೆ ಹೊಸ ಕೀಲು ಜಾರುವುದು ಕಡಿಮೆ, ಆ ಬಿಗಿತಕ್ಕಾಗಿ ಶಸ್ತ್ರವೈದ್ಯರು ಕೆಲವೊಮ್ಮೆ ಕಾಲನ್ನು ತುಸು ಉದ್ದ ಬಿಡಬೇಕಾಗುತ್ತದೆ. ಈ ಕಾರಣವನ್ನು ಮೊದಲೇ ಕೇಳಿದವನಿಗೆ ಚಪ್ಪಲಿಗೆ ಹಾಕಿಸುವ ಸಣ್ಣ ಅಟ್ಟೆ ಅರ್ಥವಾಗುತ್ತದೆ. ಕೇಳದವನಿಗೆ ಅದು ವೈದ್ಯರ ತಪ್ಪಿನ ಸಾಕ್ಷಿಯಾಗಿ ಕಾಣುತ್ತದೆ.

ಇದೆಲ್ಲಾ ಮುದ್ರಿತ ನಮೂನೆಗಳಲ್ಲಿ ಸಿಗಬಹುದು. ಅಡಿಕೆ ಸುಲಿಯುವವನ ಬದುಕಿಗೆ ತಗಲುವ ಮಾತು ಅಲ್ಲಿ ಸಿಗುವುದಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರ ಮಾಂಟ್‌ಗೊಮರಿ ತೀರ್ಪಿನಲ್ಲಿ, ಯಾವ ಅಪಾಯ ಮುಖ್ಯವೆಂಬುದನ್ನು ಆ ರೋಗಿಯ ಸ್ಥಾನದಲ್ಲಿ ನಿಂತು ಅಳೆಯಬೇಕೆಂದಿತು. ನಮ್ಮ ನ್ಯಾಯಾಲಯ 2008ರಲ್ಲಿ ಅಷ್ಟು ದೂರ ಹೋಗಿರಲಿಲ್ಲ, ತೀರಾ ಅಪರೂಪದ ಅಪಾಯಗಳನ್ನು ಹೇಳಲೇಬೇಕೆಂದಿಲ್ಲ ಎಂದಿತ್ತು. ಕಾನೂನು ಎಲ್ಲೇ ನಿಂತಿರಲಿ, ಈ ರೋಗಿಯ ಮಟ್ಟಿಗೆ ಕೇಳಲೇಬೇಕಾದ ಪ್ರಶ್ನೆ ಒಂದು: ನೆಲದ ಮೇಲೆ ಕೂರದೆ ಇರಬಲ್ಲಿರಾ?

ಹಿಂಭಾಗದಿಂದ ತೆರೆದು ಕೂರಿಸಿದ ಕೀಲು, ತೊಡೆ ಆಳವಾಗಿ ಮಡಚಿ ಒಳಕ್ಕೆ ತಿರುಗಿದಾಗ ಜಾರುವ ಸಂಭವ ಹೆಚ್ಚು. ಜಾರುವ ಪ್ರಕರಣಗಳಲ್ಲಿ ಹೆಚ್ಚಿನವು ಮೊದಲ ಕೆಲವು ತಿಂಗಳಲ್ಲೇ ಆಗುತ್ತವೆ. ದೊಡ್ಡ ಗೋಳದ ಕೀಲು ಹಾಕಿದವರಿಗೆ ಮುಂದೆ ಕೆಲವು ವೈದ್ಯರು ಸಡಿಲಿಕೆ ಕೊಡುತ್ತಾರೆ, ಕೆಲವರು ಕುಕ್ಕರುಗಾಲನ್ನು ಶಾಶ್ವತವಾಗಿ ಬೇಡವೆನ್ನುತ್ತಾರೆ. ಯಾವುದಾದರೂ ಸರಿ, ಎತ್ತರದ ಕಮೋಡ್ ಕೂರಿಸಲು ಮನೆಯಲ್ಲಿ ಜಾಗವಿದೆಯೇ, ಎತ್ತರದ ಆಸನದಲ್ಲಿ ಕೂತು ಸುಲಿಯಲು ಆಗುತ್ತದೆಯೇ ಎಂಬುದು ಆಪರೇಷನ್ ದಿನ ಗೊತ್ತುಮಾಡುವ ಮೊದಲೇ ಇತ್ಯರ್ಥವಾಗಬೇಕು.

46 ಎಂಬ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಆಸ್ಟ್ರೇಲಿಯಾ ಮತ್ತು ಫಿನ್‌ಲೆಂಡಿನ ದಾಖಲೆಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಂತೆ ಹತ್ತರಲ್ಲಿ ಸುಮಾರು ಆರು ಕೀಲುಗಳು 25 ವರ್ಷ ಬಾಳುತ್ತವೆ. ಬ್ರಿಟನ್ನಿನ 2017ರ ಅಧ್ಯಯನದಲ್ಲಿ, ಎಪ್ಪತ್ತು ದಾಟಿದ ಮೇಲೆ ಮಾಡಿಸಿಕೊಂಡವರಲ್ಲಿ ಇಪ್ಪತ್ತಕ್ಕೊಬ್ಬರಿಗೆ ಮುಂದೆ ಮರು ಆಪರೇಷನ್ ಬೇಕಾದರೆ, ಐವತ್ತರ ಆಸುಪಾಸಿನ ಗಂಡಸರಲ್ಲಿ ಅದು ಮೂವರಲ್ಲಿ ಒಬ್ಬರಿಗೆ. “ನಿಮ್ಮ ಆಯಸ್ಸಿನಲ್ಲಿ ಇನ್ನೊಂದು ಸಲ ಮಾಡಬೇಕಾಗಬಹುದು, ಎರಡನೆಯದು ಮೊದಲನೆಯದಕ್ಕಿಂತ ಕಷ್ಟ” ಎಂದು ನೇರವಾಗಿ ಹೇಳುವುದೇ ಸರಿ.

ಇನ್ನು ಎಡಗಡೆಯ ಕೀಲು. ‘ಹೇಗೂ ಅರಿವಳಿಕೆ ಕೊಟ್ಟಾಗಿದೆ, ಎರಡನ್ನೂ ಮುಗಿಸೋಣ’ ಎಂಬ ಆಲೋಚನೆ ಶಸ್ತ್ರಚಿಕಿತ್ಸೆಯ ಮೇಜಿನ ಬಳಿ ಹುಟ್ಟಕೂಡದು, ಸಮೀರಾ ಕೊಹ್ಲಿ ತೀರ್ಪು ತಡೆಯುವುದು ಇಂಥದ್ದನ್ನೇ. ಒಪ್ಪಿಗೆ ಪತ್ರದಲ್ಲಿ ‘ಬಲಗಡೆ ಮಾತ್ರ’ ಎಂದು ಅಕ್ಷರದಲ್ಲಿ ಬರೆದಿರಬೇಕು. ಜೊತೆಗೆ ಬಂದ ಮಗ ಕೂತು ಕೇಳಲಿ, ಪ್ರಶ್ನೆ ಹಾಕಲಿ, ಸಹಿ ಮಾತ್ರ ತಂದೆಯದೇ ಆಗಬೇಕು.

ಮಾತು ಮುಗಿದ ಮೇಲೆ ‘ಗೊತ್ತಾಯ್ತಾ?’ ಎಂದು ಕೇಳಿದರೆ ತಲೆ ಆಡುತ್ತದೆ, ಅದರಿಂದ ಏನೂ ತಿಳಿಯದು. “ಮನೆಗೆ ಹೋದಾಗ ಹೆಂಡತಿ ಕೇಳಿದರೆ ಏನು ಹೇಳ್ತೀರಿ?” ಎಂದು ಕೇಳಿದರೆ ತಿಳಿಯುತ್ತದೆ. “ಕೀಲು ಬದಲಿಸಿದರೆ ಮೊದಲಿನ ಹಾಗೇ ಕೂತು ಸುಲೀಬಹುದಂತೆ” ಎಂದು ಅವನು ಹೇಳಿದನೆಂದರೆ ಒಪ್ಪಿಗೆ ಇನ್ನೂ ಆಗಿಲ್ಲ, ಆ ಭಾಗವನ್ನು ಮತ್ತೆ ವಿವರಿಸಬೇಕು.

ಮನೆಗೆ ಒಯ್ಯುವ ಕಾಗದಗಳಲ್ಲಿ ಹಾಕಿದ ಕೀಲಿನ ಸ್ಟಿಕ್ಕರ್ ಇರಲೇಬೇಕು. ಡಿಪ್ಯೂ ಕಂಪನಿ ಲೋಹಕ್ಕೆ ಲೋಹ ಉಜ್ಜುವ ತನ್ನ ಎಎಸ್‌ಆರ್ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂಪಡೆಯಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಬಳಸಲಾಗಿತ್ತು, ಆದರೆ ಪತ್ತೆಯಾದ ರೋಗಿಗಳು ಸಾವಿರ ಚಿಲ್ಲರೆ ಮಾತ್ರ. ಮಾದರಿ ಮತ್ತು ಬ್ಯಾಚ್ ಸಂಖ್ಯೆಯ ಚೀಟಿ ಕೈಯಲ್ಲಿದ್ದ ರೋಗಿ ತನ್ನೊಳಗಿರುವುದು ಯಾವ ಕೀಲೆಂದು ತಾನೇ ನೋಡಿಕೊಳ್ಳಬಹುದು. ಆ ಚೀಟಿಯನ್ನು ಆಸ್ಪತ್ರೆಯಿಂದ ಕೇಳಿ ಪಡೆಯಬೇಕೆಂಬ ಮಾತೂ ಸಹಿಗೆ ಮೊದಲೇ ಆಗಬೇಕು.